ಟ್ರ್ಯಾಕ್ಟರ್ ಬಾಡಿಗೆ: ಗಂಟೆ ರೇಟು ಕೇಳಿ ಸುಮ್ಮನಾಗಬೇಡಿ, ಎಕರೆಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿ

ಭರಣಿ ಮಳೆ ಒಂದು ಹದವಾಗಿ ಬಿದ್ದರೆ ಸಾಕು, ಹುಣಸೂರು, ಪಿರಿಯಾಪಟ್ಟಣದ ಕಡೆ ಟ್ರ್ಯಾಕ್ಟರ್ ಇರೋರ ಫೋನಿಗೆ ಪುರುಸೊತ್ತೇ ಇರಲ್ಲ. ಹೊಗೆಸೊಪ್ಪಿನ ಸಸಿ ನಾಟಿಗೆ ಹೊಲ ಸಿದ್ಧ ಆಗಬೇಕು, ಎಲ್ಲರಿಗೂ ಅದೇ ನಾಲ್ಕು ದಿನದಲ್ಲಿ ಉಳುಮೆ ಆಗಬೇಕು. ಅವಸರದಲ್ಲಿ ನಾವು ಕೇಳೋದು ಒಂದೇ ಮಾತು: "ಅಣ್ಣ, ಗಂಟೆಗೆ ಎಷ್ಟು?"

ಆದರೆ ಅಕ್ಕಪಕ್ಕದ ಎರಡು ಹೊಲ ನೋಡಿ. ಅದೇ ಟ್ರ್ಯಾಕ್ಟರ್, ಅದೇ ಡ್ರೈವರ್, ಗಂಟೆಗೆ ಅದೇ 1,000 ರೂಪಾಯಿ. ಒಂದು ಹೊಲದಲ್ಲಿ ಎಕರೆಗೆ 66 ನಿಮಿಷ ಹಿಡಿಯಿತು, ಖರ್ಚು 1,100 ರೂಪಾಯಿ. ಇನ್ನೊಂದರಲ್ಲಿ 96 ನಿಮಿಷ ಹಿಡಿಯಿತು, ಖರ್ಚು 1,600 ರೂಪಾಯಿ. ಗಂಟೆ ರೇಟು ಒಂದೇ ಆದರೂ ಎಕರೆಗೆ 500 ರೂಪಾಯಿ ವ್ಯತ್ಯಾಸ. ಗಂಟೆಗೆ 50 ರೂಪಾಯಿ ಕಮ್ಮಿ ಮಾಡಿ ಅಂತ ಚೌಕಾಸಿ ಮಾಡೋ ನಾವು ಈ 500 ರೂಪಾಯಿ ಎಲ್ಲಿ ಹೋಯ್ತು ಅಂತ ನೋಡೋದೇ ಇಲ್ಲ.

ಈ ವಾರ ಅದನ್ನೇ ನೋಡೋಣ. ಒಂದು ಹೊಲ, ಒಂದು ಬೆಳಗಿನ ಉಳುಮೆ ಇಟ್ಟುಕೊಂಡು ಲೆಕ್ಕ ಹಾಕೋಣ. ಇಲ್ಲಿ ಕೊಟ್ಟಿರುವ ಬಾಡಿಗೆ, ಕೂಲಿ, ಡೀಸೆಲ್ ದರಗಳು ಲೆಕ್ಕ ಕಲಿಯೋಕೆ ಹಿಡಿದ ಅಂಕಿಗಳು. ನಿಮ್ಮೂರಿನ ದರ ಹಾಕಿಕೊಂಡರೆ ನಿಮ್ಮ ಲೆಕ್ಕ ಸಿಗುತ್ತದೆ.

ಮೊದಲು ಹೊಲ ಎಷ್ಟಿದೆ ಅಂತ ಸರಿಯಾಗಿ ತಿಳ್ಕೊಳ್ಳಿ

ನಮ್ಮ ಉದಾಹರಣೆಯ ಹೊಲ ಹುಣಸೂರು ತಾಲ್ಲೂಕಿನ ಕೆಂಪು ಮಣ್ಣಿನ ಹೊಲ ಅಂತ ಇಟ್ಟುಕೊಳ್ಳಿ. ಪಹಣಿಯಲ್ಲಿ 1-20 ಅಂತ ಇದೆ. ಇಲ್ಲೇ ಎಷ್ಟೋ ಜನ ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ 1.20 ಅಂತ ಒತ್ತಿ ತಪ್ಪು ಮಾಡ್ತಾರೆ. 1-20 ಅಂದರೆ 1 ಎಕರೆ 20 ಗುಂಟೆ. 40 ಗುಂಟೆಗೆ ಒಂದು ಎಕರೆ, ಹಾಗಾಗಿ 20 ಗುಂಟೆ ಅಂದರೆ ಅರ್ಧ ಎಕರೆ. ಕ್ಯಾಲ್ಕುಲೇಟರಿಗೆ ಹಾಕಬೇಕಾದ್ದು 1.5.

ಇನ್ನೊಂದು ವಿಷಯ. ಪಹಣಿಯ ವಿಸ್ತೀರ್ಣ ಪೂರ್ತಿ ಉಳುಮೆ ಆಗಲ್ಲ. ಬದು, ಖರಾಬು, ಬಾವಿ ಜಾಗ, ಹೊಗೆಸೊಪ್ಪು ಬೇಯಿಸೋ ಬ್ಯಾರನ್ ಇರೋ ಜಾಗ, ಇವೆಲ್ಲ ಅದರಲ್ಲೇ ಸೇರಿರುತ್ತವೆ. ಗಂಟೆ ಲೆಕ್ಕದಲ್ಲಿ ಉಳುಮೆ ಮಾಡಿಸಿದರೆ ಇದರಿಂದ ತೊಂದರೆ ಇಲ್ಲ. ಎಕರೆ ಲೆಕ್ಕದಲ್ಲಿ ಮಾತಾಡಿದರೆ ಉಳದೇ ಇರೋ ಜಾಗಕ್ಕೂ ದುಡ್ಡು ಕೊಟ್ಟ ಹಾಗೆ ಆಗುತ್ತದೆ. ಫೋನಿನಲ್ಲಿ ಜಾಗ ಅಳೆಯೋ ಆ್ಯಪ್ ಇದ್ದರೆ ಬದುವಿನ ಒಳಗೆ ಒಂದು ಸುತ್ತು ನಡೆದು ಅಳೆಯಿರಿ. ಹತ್ತು ಗುಂಟೆ ಥರದ ಚಿಕ್ಕ ತಾಕಿಗೆ ಮಾತ್ರ ಆ್ಯಪ್ ನಂಬಬೇಡಿ. ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ಚಿಕ್ಕ ತಾಕಿನಲ್ಲಿ ಅಷ್ಟೇ ದೊಡ್ಡ ತಪ್ಪಾಗುತ್ತದೆ. ಅಂಥ ಕಡೆ ಟೇಪು ಹಿಡಿದು ಉದ್ದ ಅಗಲ ಅಳೆದು ಗುಣಿಸಿ. 1,089 ಚದರ ಅಡಿಗೆ ಒಂದು ಗುಂಟೆ.

ಎರಡನೇದು ಸಮಯ: ಮೀಟರ್ ಓದೋದು ಹೇಗೆ

ನಮ್ಮ ಒಂದೂವರೆ ಎಕರೆಗೆ ಒಂಬತ್ತು ಹಲ್ಲಿನ ಕಲ್ಟಿವೇಟರಿನಲ್ಲಿ ಎರಡು ಸಾರಿ ಉಳುಮೆ ಮಾಡಿಸಿದೆವು ಅಂತ ಇಟ್ಟುಕೊಳ್ಳಿ. ಮೊದಲನೇ ಸಾರಿಗೆ 66 ನಿಮಿಷ ಹಿಡಿಯಿತು. ಎರಡನೇ ಸಾರಿಗೆ ಮಣ್ಣು ಸಡಿಲ ಆಗಿತ್ತು, 54 ನಿಮಿಷಕ್ಕೆ ಮುಗಿಯಿತು. ಒಟ್ಟು 120 ನಿಮಿಷ, ಅಂದರೆ 2 ಗಂಟೆ. ಒಂದು ಎಕರೆಗೆ ಎರಡು ಸಾರಿ ಸೇರಿ 80 ನಿಮಿಷ.

ಈ ಸಮಯವನ್ನ ಟ್ರ್ಯಾಕ್ಟರಿನ ಅವರ್ ಮೀಟರಿನಲ್ಲಿ ನೋಡೋ ರೂಢಿ ಇದೆ. ಶುರುವಿನಲ್ಲಿ 2314.6 ಇತ್ತು, ಕೊನೆಗೆ 2316.6, ಕಳೆದರೆ 2.0 ಗಂಟೆ. ಇಲ್ಲಿ ಎರಡು ಕಡೆ ಎಡವೋದು ಸಹಜ.

ಒಂದು, ಚುಕ್ಕೆ ಆದಮೇಲಿನ ಅಂಕಿ ನಿಮಿಷ ಅಲ್ಲ. ಅದು ಗಂಟೆಯ ಹತ್ತನೇ ಒಂದು ಭಾಗ, ಅಂದರೆ 6 ನಿಮಿಷ. ಮೀಟರಿನಲ್ಲಿ 1.4 ವ್ಯತ್ಯಾಸ ಬಂದರೆ ಅದು 1 ಗಂಟೆ 24 ನಿಮಿಷ. "ಒಂದು ಗಂಟೆ ನಲವತ್ತು ನಿಮಿಷ ಆಯ್ತು" ಅಂತ ಹೇಳಿದರೆ ಒಪ್ಪಬೇಡಿ, 16 ನಿಮಿಷ ಸುಮ್ಮನೆ ಸೇರಿಹೋಗುತ್ತದೆ.

ಎರಡು, ಎಲ್ಲ ಮೀಟರೂ ಒಂದೇ ಥರ ಓಡಲ್ಲ. ಹಳೇ ಮುಳ್ಳಿನ ಮೀಟರುಗಳು ಎಂಜಿನ್ ಎಷ್ಟು ಜೋರಾಗಿ ತಿರುಗುತ್ತದೆ ಅನ್ನೋದರ ಮೇಲೆ ಓಡುತ್ತವೆ. ಎಂಜಿನ್ ನಿಧಾನ ಇದ್ದರೆ ಗಡಿಯಾರದ ಒಂದು ಗಂಟೆಗೆ ಮೀಟರಿನಲ್ಲಿ ಒಂದು ಗಂಟೆ ಆಗಿರಲ್ಲ. ಎಷ್ಟೋ ಡಿಜಿಟಲ್ ಮೀಟರುಗಳು ಎಂಜಿನ್ ಆನ್ ಇದ್ದಷ್ಟು ಹೊತ್ತೂ ಓಡ್ತಾನೇ ಇರುತ್ತವೆ, ಡ್ರೈವರ್ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಫೋನಿನಲ್ಲಿ ಮಾತಾಡ್ತಾ ಇದ್ದರೂ ಸರಿ. ಅದಕ್ಕೆ ಲೆಕ್ಕ ಮೀಟರಿನದೋ ಗಡಿಯಾರದ್ದೋ ಅಂತ ಮೊದಲೇ ಮಾತಾಡ್ಕೊಳ್ಳಿ. ಹಲ್ಲು ಮುರಿದರೆ, ಬೋಲ್ಟ್ ಕಿತ್ತುಬಂದರೆ, ಟೀ ಕುಡಿಯೋಕೆ ಕೂತರೆ ಆ ಹೊತ್ತು ಕಳೆಯಬೇಕು ಅನ್ನೋದನ್ನೂ ಶುರುವಿಗೆ ಮುಂಚೆಯೇ ಹೇಳಿ. ಶುರುವಿನಲ್ಲಿ ಒಂದು, ಕೊನೆಗೆ ಒಂದು ಮೀಟರಿನ ಫೋಟೋ ತೆಗೆದರೆ ಫೋಟೋದಲ್ಲೇ ಗಡಿಯಾರದ ಹೊತ್ತೂ ಸೇರಿರುತ್ತದೆ. ಆಮೇಲೆ ಜಗಳಕ್ಕೆ ಜಾಗ ಇರಲ್ಲ.

ಮೂರನೇದು ಡೀಸೆಲ್: ಟ್ಯಾಂಕ್ ತುಂಬಿಸಿ ಅಳೆಯಿರಿ

ನಮ್ಮ ಕಡೆ ಬಾಡಿಗೆ ಎರಡು ಥರ ನಡೆಯುತ್ತದೆ. ಒಂದು, ಡೀಸೆಲ್, ಡ್ರೈವರ್ ಎಲ್ಲ ಮಾಲೀಕರದ್ದೇ, ನಾವು ಗಂಟೆಗೆ ಇಷ್ಟು ಅಂತ ಕೊಡೋದು. ಇನ್ನೊಂದು, ನೆಂಟರದೋ ಸ್ನೇಹಿತರದೋ ಟ್ರ್ಯಾಕ್ಟರ್, ಡೀಸೆಲ್ ನಾವು ಹಾಕಿಸೋದು, ಡ್ರೈವರಿಗೆ ನಾವೇ ಕೊಡೋದು, ಗಾಡಿಗೆ ಅಂತ ಸ್ವಲ್ಪ ಬಾಡಿಗೆ ಬೇರೆ. ಎರಡನೇದು ಅಗ್ಗ ಅಂತ ಅನ್ನಿಸುತ್ತದೆ. ನಿಜವಾಗಲೂ ಅಗ್ಗವೋ ಅಲ್ಲವೋ ಅನ್ನೋದು ಡೀಸೆಲ್ ಎಷ್ಟು ಸುಟ್ಟಿತು ಅನ್ನೋದರ ಮೇಲೆ ನಿಂತಿದೆ.

ಅಳೆಯೋದು ಸುಲಭ. ಹೊಲಕ್ಕೆ ಇಳಿಯೋ ಮುಂಚೆ ಸಮತಟ್ಟಾದ ಜಾಗದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ಟ್ಯಾಂಕ್ ಬಾಯಿಮಟ್ಟ ತುಂಬಿಸಿ. ಕೆಲಸ ಮುಗಿದ ಮೇಲೆ ಅದೇ ಜಾಗಕ್ಕೆ ತಂದು ನಿಲ್ಲಿಸಿ, ಅಳತೆ ಇರೋ ಜಗ್ಗಿನಲ್ಲಿ ಮತ್ತೆ ಬಾಯಿಮಟ್ಟ ತುಂಬಿಸಿ. ಎಷ್ಟು ಲೀಟರ್ ಹಿಡಿಯಿತೋ ಅಷ್ಟೇ ಸುಟ್ಟಿದ್ದು. ಇಳಿಜಾರಿನಲ್ಲಿ ನಿಲ್ಲಿಸಿ ತುಂಬಿಸಿದರೆ ಅಳತೆ ಕೆಡುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳು ನೋಡಿ ಅಂದಾಜು ಹೇಳಿದರೆ ಒಂದೆರಡು ಲೀಟರ್ ಆಚೀಚೆ ಆಗೋದು ಗ್ಯಾರಂಟಿ.

45 ಎಚ್.ಪಿ. ಆಸುಪಾಸಿನ ಟ್ರ್ಯಾಕ್ಟರ್ ಕಲ್ಟಿವೇಟರ್ ಹಾಕಿಕೊಂಡು ಹದವಾದ ಕೆಂಪು ಮಣ್ಣಿನಲ್ಲಿ ಗಂಟೆಗೆ ಸುಮಾರು 4ರಿಂದ 5 ಲೀಟರ್ ಡೀಸೆಲ್ ಕುಡಿಯುತ್ತದೆ. ನಾವು 4.5 ಹಿಡಿಯೋಣ. 2 ಗಂಟೆಗೆ 9 ಲೀಟರ್. ಊರಿಂದ ಹೊಲಕ್ಕೆ ಹೋಗಿ ಬರೋಕೆ ಇನ್ನೊಂದು ಲೀಟರ್. ಒಟ್ಟು 10 ಲೀಟರ್. ಲೀಟರಿಗೆ 91 ರೂಪಾಯಿ ಹಿಡಿದರೆ 910 ರೂಪಾಯಿ.

ನಾಲ್ಕನೇದು ಡ್ರೈವರ್: ಗಂಟೆಗೋ, ದಿನಕ್ಕೋ?

ಜಾಸ್ತಿ ಜನ ಮರೆಯೋದು ಇದನ್ನೇ. ಡ್ರೈವರಿಗೆ ಕೊಡೋದು ಗಂಟೆ ಲೆಕ್ಕವಾದರೆ ಚಿಕ್ಕ ಹೊಲಕ್ಕೆ ಚಿಕ್ಕ ಖರ್ಚು. ದಿನದ ಕೂಲಿ ಆದರೆ ಎರಡು ಗಂಟೆ ಕೆಲಸಕ್ಕೂ ಪೂರ್ತಿ ದಿನದ ದುಡ್ಡು ಹೋಗುತ್ತದೆ. ಜೊತೆಗೆ ತಿಂಡಿ, ಟೀ, ಬಾಟಾ ಅಂತ ಕೊಡೋದನ್ನ ಯಾರೂ ಲೆಕ್ಕಕ್ಕೆ ಬರೆಯೋದೇ ಇಲ್ಲ. ಅದೂ ಉಳುಮೆ ಖರ್ಚೇ.

ಈಗ ಎಲ್ಲ ಸೇರಿಸೋಣ

ಎಲ್ಲ ಮಾಲೀಕರದ್ದೇ ಆಗಿ ಗಂಟೆಗೆ 1,000 ರೂಪಾಯಿ ಆದರೆ, 2 ಗಂಟೆಗೆ 2,000. ಅದನ್ನ 1.5 ಎಕರೆಯಿಂದ ಭಾಗಿಸಿದರೆ ಎಕರೆಗೆ 1,333 ರೂಪಾಯಿ.

ಡೀಸೆಲ್ ಮತ್ತು ಡ್ರೈವರ್ ನಮ್ಮದಾಗಿ, ಗಾಡಿ ಬಾಡಿಗೆ ಗಂಟೆಗೆ 450 ಅಂತ ಹಿಡಿಯೋಣ. ಗಾಡಿಗೆ 900, ಡೀಸೆಲ್‌ಗೆ 910. ಡ್ರೈವರಿಗೆ ಗಂಟೆಗೆ 100ರ ಹಾಗೆ 200. ಒಟ್ಟು 2,010 ರೂಪಾಯಿ. ಎಕರೆಗೆ 1,340. ಅಗ್ಗ ಅಂದ್ಕೊಂಡಿದ್ದು ಮೊದಲನೇದಕ್ಕಿಂತ 7 ರೂಪಾಯಿ ಜಾಸ್ತಿಯೇ ಆಯ್ತು.

ಅದೇ ಡ್ರೈವರಿಗೆ ದಿನದ ಕೂಲಿ 800 ಕೊಡಬೇಕಾಗಿ ಬಂದರೆ ಒಟ್ಟು 2,610 ರೂಪಾಯಿ, ಎಕರೆಗೆ 1,740. ಎರಡು ಗಂಟೆ ಕೆಲಸಕ್ಕೆ ದಿನದ ಕೂಲಿ ಕೊಟ್ಟಿದ್ದಕ್ಕೆ ಎಕರೆಗೆ 400 ರೂಪಾಯಿ ಜಾಸ್ತಿ ಬಿತ್ತು.

ಇದಕ್ಕೆ ದಾರಿ ಇದೆ. ಅಕ್ಕಪಕ್ಕದವರು ಸೇರಿ ಒಂದೇ ದಿನ 6 ಎಕರೆ ಉಳುಮೆ ಮಾಡಿಸಿದರು ಅಂತ ಇಟ್ಟುಕೊಳ್ಳಿ. ಎಕರೆಗೆ 80 ನಿಮಿಷದ ಹಾಗೆ 8 ಗಂಟೆ ಕೆಲಸ. ಗಾಡಿಗೆ 3,600. ಡೀಸೆಲ್ ಉಳುಮೆಗೆ 36 ಲೀಟರ್, ಓಡಾಟಕ್ಕೆ ಒಂದು ಲೀಟರ್, ಒಟ್ಟು 37 ಲೀಟರಿಗೆ 3,367. ಡ್ರೈವರಿಗೆ 800. ಎಲ್ಲ ಸೇರಿ 7,767 ರೂಪಾಯಿ, ಎಕರೆಗೆ ಸುಮಾರು 1,295. ಅದೇ ದಿನದ ಕೂಲಿ ಆರು ಎಕರೆಗೆ ಹಂಚಿಹೋಗಿ ಈ ಲೆಕ್ಕವೇ ಎಲ್ಲಕ್ಕಿಂತ ಅಗ್ಗ ಆಯ್ತು.

ಇಷ್ಟನ್ನೂ ಒಂದು ಸಾಲಿನಲ್ಲಿ ಬರೆದರೆ ಹೀಗೆ:

ಎಕರೆ ಖರ್ಚು = ಎಕರೆಗೆ ಹಿಡಿಯೋ ಗಂಟೆ × (ಗಾಡಿ ಬಾಡಿಗೆ + ಗಂಟೆಗೆ ಲೀಟರ್ × ಡೀಸೆಲ್ ದರ) + (ಡ್ರೈವರ್ ಕೂಲಿ + ಓಡಾಟದ ಡೀಸೆಲ್ ಖರ್ಚು) ÷ ಒಟ್ಟು ಎಕರೆ

ಮೊದಲನೇ ಭಾಗ ಎಷ್ಟು ಎಕರೆ ಇದ್ದರೂ ಎಕರೆಗೆ ಅಷ್ಟೇ ಬೀಳುತ್ತದೆ. ಅದನ್ನ ಇಳಿಸೋಕೆ ಇರೋ ದಾರಿ ಸಮಯ ಉಳಿಸೋದು. ಎರಡನೇ ಭಾಗ ಎಕರೆ ಜಾಸ್ತಿ ಆದಷ್ಟೂ ಕಮ್ಮಿ ಆಗುತ್ತದೆ. ಅದನ್ನ ಇಳಿಸೋಕೆ ಇರೋ ದಾರಿ ನಾಲ್ಕು ಜನ ಸೇರೋದು.

"ಡೀಸೆಲ್ ಜಾಸ್ತಿ ಆಯ್ತು ಕಣಪ್ಪ"

ಈ ಲೆಕ್ಕ ಗೊತ್ತಿದ್ದರೆ ಇನ್ನೊಂದು ಉಪಯೋಗ ಇದೆ. 2025ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿಸಿತು, ಲೀಟರಿಗೆ ಸುಮಾರು 2 ರೂಪಾಯಿ ಜಾಸ್ತಿ ಆಯ್ತು. ಇಂಥ ಹೊತ್ತಲ್ಲಿ ಮಾಲೀಕರು "ಡೀಸೆಲ್ ಜಾಸ್ತಿ ಆಯ್ತು ಕಣಪ್ಪ, ಹಳೇ ರೇಟಿಗೆ ಗಿಟ್ಟಲ್ಲ, ಗಂಟೆಗೆ ನೂರು ಸೇರಿಸಿ ಕೊಡು" ಅಂತ ಕೇಳೋದು ಇದ್ದದ್ದೇ.

ಲೆಕ್ಕ ಹಾಕಿ. ಗಂಟೆಗೆ 4.5 ಲೀಟರ್ ಸುಟ್ಟರೆ ಲೀಟರಿಗೆ 2 ರೂಪಾಯಿ ಏರಿಕೆಯಿಂದ ಗಂಟೆಗೆ ಜಾಸ್ತಿ ಆಗೋದು 9 ರೂಪಾಯಿ. ನಮ್ಮ ಉದಾಹರಣೆಯಲ್ಲಿ ಎಕರೆಗೆ 12 ರೂಪಾಯಿ. ಗಂಟೆಗೆ ನೂರು ಸೇರಿಸಿದರೆ ಎಕರೆಗೆ ಬೀಳೋದು 133 ರೂಪಾಯಿ.

ಮಾಲೀಕರು ಸುಳ್ಳು ಹೇಳ್ತಾರೆ ಅಂತ ಅಲ್ಲ. ಟೈರು, ಸವೆದ ಹಲ್ಲು, ರಿಪೇರಿ, ಬ್ಯಾಂಕಿನ ಕಂತು ಎಲ್ಲ ಅವರಿಗೂ ಇದೆ. ಆ ಕಾರಣಕ್ಕೆ ರೇಟು ಏರಿಸಿದರೆ ಅದು ಬೇರೆ ಮಾತು. ಆದರೆ ಡೀಸೆಲ್ ಹೆಸರಲ್ಲಿ ಏರಿದ್ದು ಎಷ್ಟು ಅನ್ನೋದು ನಿಮಗೆ ಗೊತ್ತಿದ್ದರೆ "ಅಣ್ಣ, ಡೀಸೆಲ್ಲಿಗೆ ಗಂಟೆಗೆ ಹತ್ತು ರೂಪಾಯಿ ಆಗುತ್ತೆ, ಇಪ್ಪತ್ತು ತಗೊಳ್ಳಿ" ಅಂತ ಮುಖ ಕೆಡಿಸಿಕೊಳ್ಳದೇ ಮಾತಾಡಬಹುದು.

ನಿಮಿಷ ಎಲ್ಲಿ ಸೋರಿಹೋಗುತ್ತದೆ

ಶುರುವಿನಲ್ಲಿ ಹೇಳಿದ ಆ 500 ರೂಪಾಯಿ ಎಲ್ಲಿ ಹೋಯ್ತು? ಜಾಸ್ತಿ ಭಾಗ ಹೋಗೋದು ತಿರುವಿನಲ್ಲಿ. ಬದುವಿನ ಹತ್ತಿರ ಬಂದಾಗ ಕಲ್ಟಿವೇಟರ್ ಎತ್ತಿ, ತಿರುಗಿಸಿ, ಮತ್ತೆ ಇಳಿಸಬೇಕು. ಒಂದು ತಿರುವಿಗೆ 20 ಸೆಕೆಂಡ್ ಹಿಡಿಯೋಣ. ಆ ಹೊತ್ತಲ್ಲಿ ಒಂದು ಹಿಡಿ ಮಣ್ಣೂ ಏಳಲ್ಲ, ಆದರೆ ಮೀಟರೂ ಓಡ್ತಿರುತ್ತದೆ, ಡೀಸೆಲ್ಲೂ ಸುಡ್ತಿರುತ್ತದೆ.

100 ಅಡಿ ಅಗಲ, 436 ಅಡಿ ಉದ್ದದ ಒಂದು ಎಕರೆ ಪಟ್ಟಿ ತಗೊಳ್ಳಿ. ಕಲ್ಟಿವೇಟರ್ ಒಂದು ಸಾಲಿಗೆ ಸುಮಾರು ಆರೂವರೆ ಅಡಿ ಅಗಲ ಉಳುತ್ತದೆ. ಉದ್ದಕ್ಕೆ ಹೊಡೆಸಿದರೆ 16 ತಿರುವು, ಸುಮಾರು 5 ನಿಮಿಷ. ಅದೇ ಪಟ್ಟಿಯನ್ನ ಅಡ್ಡಕ್ಕೆ ಹೊಡೆಸಿದರೆ 67 ತಿರುವು, 22 ನಿಮಿಷ. ಮಣ್ಣಿನಲ್ಲಿ ಟ್ರ್ಯಾಕ್ಟರ್ ಓಡೋ ಹೊತ್ತು ಎರಡರಲ್ಲೂ ಒಂದೇ, ಸುಮಾರು 27 ನಿಮಿಷ. ಬರೀ ದಿಕ್ಕು ಬದಲಾಗಿದ್ದಕ್ಕೆ 32 ನಿಮಿಷದ ಕೆಲಸ 49 ನಿಮಿಷ ಆಯ್ತು. ಗಂಟೆಗೆ 1,000 ರೂಪಾಯಿ ಲೆಕ್ಕದಲ್ಲಿ ಈ 17 ನಿಮಿಷಕ್ಕೆ ಸುಮಾರು 283 ರೂಪಾಯಿ, ಅದೂ ಒಂದು ಸಾರಿಯ ಉಳುಮೆಗೆ.

ಹಾಗಾಗಿ ಉದ್ದ ಪಟ್ಟಿ ಇದ್ದರೆ ಎರಡನೇ ಸಾರಿಯನ್ನೂ ಪೂರ್ತಿ ಅಡ್ಡ ಹೊಡೆಸಬೇಡಿ. ಉದ್ದಕ್ಕೇ ಸ್ವಲ್ಪ ಓರೆಯಾಗಿ ಹೊಡೆಸಿದರೆ ಮೊದಲ ಸಾರಿ ಹಲ್ಲುಗಳ ಮಧ್ಯೆ ಉಳಿದ ಮಣ್ಣೂ ಒಡೆಯುತ್ತದೆ, ತಿರುವೂ ಕಮ್ಮಿ. ಆದರೆ ಒಂದು ಎಚ್ಚರ. ಹೊಲದ ಉದ್ದವೇ ಇಳಿಜಾರಿನ ದಿಕ್ಕಿಗೆ ಇದ್ದರೆ ಈ ಉಳಿತಾಯದ ಆಸೆ ಬಿಡಿ. ಇಳಿಜಾರಿನುದ್ದಕ್ಕೆ ಸಾಲು ಬಿಟ್ಟರೆ ಮುಂದಿನ ಜೋರು ಮಳೆಗೆ ನಮ್ಮ ಕೆಂಪು ಮಣ್ಣು ಕೊಚ್ಚಿಕೊಂಡು ಹೋಗುತ್ತದೆ. ಅಲ್ಲಿ ಕೊನೇ ಉಳುಮೆ ಇಳಿಜಾರಿಗೆ ಅಡ್ಡವಾಗಿಯೇ ಇರಬೇಕು, ನೂರಿನ್ನೂರು ಜಾಸ್ತಿ ಆದರೂ ಸರಿ.

ಇನ್ನೊಂದು ಸೋರಿಕೆ ಹದ ತಪ್ಪಿದ ಮಣ್ಣು. ಒಣಗಿ ಗಟ್ಟಿಯಾದ ನೆಲದಲ್ಲಿ ಹಲ್ಲು ಇಳಿಯಲ್ಲ, ಟ್ರ್ಯಾಕ್ಟರ್ ನಿಧಾನ ಆಗುತ್ತದೆ, ಇನ್ನೊಂದು ಸಾರಿ ಹೊಡೆಸಬೇಕಾಗುತ್ತದೆ. ತೀರಾ ಒದ್ದೆ ಇದ್ದರೆ ಹಿಂದಿನ ಚಕ್ರ ಜಾರಿಕೊಂಡು ನಿಂತಲ್ಲೇ ತಿರುಗುತ್ತದೆ, ಹೆಂಟೆ ಏಳುತ್ತದೆ. ಗೊತ್ತು ಮಾಡೋಕೆ ನಾಲ್ಕೈದು ಅಂಗುಲ ಆಳದ ಮಣ್ಣು ಒಂದು ಹಿಡಿ ತೆಗೆದು ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಬಿಡಿ. ಉಂಡೆಯೇ ಕಟ್ಟದಿದ್ದರೆ ಒಣಗಿದೆ. ಬಿದ್ದಾಗ ಪುಡಿಯಾಗಿ ಚದುರಿದರೆ ಹದ ಸರಿ ಇದೆ. ಬಿದ್ದರೂ ಉಂಡೆ ಹಾಗೇ ಕೂತರೆ ಒಂದು ದಿನ ಕಾಯಿರಿ. ಉಳುಮೆ ನಡೆಯೋವಾಗ ಟೈರಿನ ಅಚ್ಚು ನೋಡಿ. ಅಚ್ಚು ಒಂದೊಂದೂ ಸ್ಪಷ್ಟವಾಗಿ ಬಿದ್ದಿದ್ದರೆ ಸರಿ, ಉಜ್ಜಿ ಅಳಿಸಿದ ಹಾಗಿದ್ದರೆ ಚಕ್ರ ಜಾರ್ತಾ ಇದೆ, ನಿಮ್ಮ ಡೀಸೆಲ್ ಸುಮ್ಮನೆ ಸುಡ್ತಾ ಇದೆ.

ಗಂಟೆ ಲೆಕ್ಕವೋ, ಎಕರೆ ಗುತ್ತಿಗೆಯೋ?

ಗಂಟೆ ಲೆಕ್ಕ ಆದರೆ ನಿಧಾನ ಮಾಡಿದಷ್ಟೂ ಅವರಿಗೆ ಲಾಭ. ಎಕರೆಗೆ ಇಷ್ಟು ಅಂತ ಗುತ್ತಿಗೆ ಆದರೆ ಬೇಗ ಮುಗಿಸಿದಷ್ಟೂ ಲಾಭ. ಬೇಗ ಮುಗಿಸೋಕೆ ಸುಲಭದ ದಾರಿ ಅಂದರೆ ಕಲ್ಟಿವೇಟರನ್ನ ಸ್ವಲ್ಪ ಮೇಲಕ್ಕೆ ಎತ್ತಿಕೊಂಡು ಗೇರ್ ಏರಿಸೋದು. ಮೇಲಿಂದ ನೋಡಿದರೆ ಹೊಲ ಉಳುಮೆ ಆದ ಹಾಗೇ ಕಾಣುತ್ತದೆ, ಒಳಗೆ ಮೂರು ಅಂಗುಲದ ಕೆಳಗೆ ಮಣ್ಣು ಗಟ್ಟಿಯಾಗಿಯೇ ಇರುತ್ತದೆ.

ಅದಕ್ಕೆ ಗುತ್ತಿಗೆ ಮಾತಾಡೋವಾಗ ಎಷ್ಟು ಸಾರಿ, ಎಷ್ಟು ಆಳ ಅಂತ ಎರಡನ್ನೂ ಹೇಳಿ. ಕಲ್ಟಿವೇಟರಿಗೆ ಐದಾರು ಅಂಗುಲ ಕೇಳಬಹುದು. ಮೊದಲ ಎರಡು ಸಾಲು ಆದಮೇಲೆ ಟ್ರ್ಯಾಕ್ಟರ್ ನಿಲ್ಲಿಸಿ, ಹಲ್ಲು ಹೋದ ಜಾಗದಲ್ಲಿ ಸಡಿಲ ಮಣ್ಣು ಸರಿಸಿ, ಕಡ್ಡಿ ಇಟ್ಟು ಅಳೆಯಿರಿ. ಪೂರ್ತಿ ಮುಗಿದ ಮೇಲೆ ಅಳೆದರೆ ಪ್ರಯೋಜನ ಇಲ್ಲ, ಯಾರೂ ವಾಪಸ್ ಬಂದು ಹೊಡೆಯಲ್ಲ.

ಗುತ್ತಿಗೆ ದರ ಸರಿ ಇದೆಯೋ ಇಲ್ಲವೋ ಅಂತ ನೋಡೋಕೆ ನಿಮ್ಮ ಹಳೇ ನಿಮಿಷದ ಲೆಕ್ಕ ಬೇಕು. ಹೋದ ಸಾರಿ ಎಕರೆಗೆ 80 ನಿಮಿಷ ಹಿಡಿದಿದ್ದರೆ, ಗಂಟೆಗೆ 1,000 ದರದಲ್ಲಿ 1,333 ಆಗುತ್ತಿತ್ತು. ಯಾರಾದರೂ 1,250ಕ್ಕೆ ಎರಡು ಸಾರಿ ಹೊಡೆದುಕೊಡ್ತೀನಿ ಅಂದರೆ, ಆಳ ನೋಡಿಕೊಳ್ಳೋಕೆ ನೀವು ಹೊಲದಲ್ಲಿ ಇರೋದಾದರೆ ಒಪ್ಪಬಹುದು.

ಬೇರೆ ಮಣ್ಣು, ಬೇರೆ ಕೆಲಸ ಆದರೆ

ಹುಣಸೂರಿನ ಕೆಂಪು ಮಣ್ಣಿನ ಈ 80 ನಿಮಿಷವನ್ನ ಎಲ್ಲ ಕಡೆಗೂ ಹಿಡಿಯಬೇಡಿ. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಭತ್ತಕ್ಕೆ ಕೆಸರು ಗದ್ದೆ ಮಾಡಿಸೋವಾಗ ಕಬ್ಬಿಣದ ಚಕ್ರ ಹಾಕಿಕೊಂಡು ಇಳಿಯಬೇಕು, ಗದ್ದೆಗಳು ಚಿಕ್ಕವು, ಒಂದೊಂದಕ್ಕೂ ಬದು ದಾಟಬೇಕು. ನಿಮಿಷವೂ ಜಾಸ್ತಿ, ಡೀಸೆಲ್ಲೂ ಜಾಸ್ತಿ. ಎಚ್.ಡಿ. ಕೋಟೆಯಲ್ಲಿ ಹತ್ತಿ ಬೆಳೆಯೋ ಕಪ್ಪು ಮಣ್ಣಿನಲ್ಲಿ ಹದ ಇರೋದೇ ಕೆಲವು ದಿನ. ಆ ದಿನ ತಪ್ಪಿದರೆ ಅದೇ ಎಕರೆಗೆ ಹೊತ್ತು ಜಾಸ್ತಿ ಹಿಡಿಯುತ್ತದೆ. ಪಿರಿಯಾಪಟ್ಟಣದಲ್ಲಿ ಶುಂಠಿಗೆ ಮಣ್ಣು ಪುಡಿ ಮಾಡಿಸೋ ರೋಟವೇಟರಿನ ಗಂಟೆ ರೇಟೇ ಬೇರೆ. ರೋಟವೇಟರ್ ನಿಧಾನ ಹೋಗುತ್ತದೆ, ಎಕರೆಗೆ ಸುಮಾರು ಒಂದು ಗಂಟೆ ಹಿಡಿಯುತ್ತದೆ, ಡೀಸೆಲ್ ಗಂಟೆಗೆ 5ರಿಂದ 7 ಲೀಟರ್. ಎರಡು ಫಾಳದ ನೇಗಿಲಿನಲ್ಲಿ ಆಳವಾಗಿ ಮಗುಚಿಸಿದರೆ ಎಕರೆಗೆ ಎರಡು ಗಂಟೆ ಆಸುಪಾಸು.

ಅಂದರೆ ರೇಟು ಹೋಲಿಸೋವಾಗಲೂ ಎಕರೆಗೇ ತಂದು ಹೋಲಿಸಿ. ರೋಟವೇಟರಿಗೆ ಗಂಟೆಗೆ 1,400, ಕಲ್ಟಿವೇಟರಿಗೆ 1,000 ಅಂತ ಕೇಳಿದಾಗ 400 ವ್ಯತ್ಯಾಸ ಕಾಣುತ್ತದೆ. ಎಕರೆಗೆ ತಂದರೆ ಒಂದು ಸಾರಿ ರೋಟವೇಟರ್ 1,400, ಎರಡು ಸಾರಿ ಕಲ್ಟಿವೇಟರ್ 1,333. ವ್ಯತ್ಯಾಸ 67 ರೂಪಾಯಿ ಅಷ್ಟೇ. ಆದರೆ ಗಟ್ಟಿ ನೆಲವನ್ನ ಮೊದಲ ಸಾರಿ ಒಡೆಯೋ ಕೆಲಸ ರೋಟವೇಟರಿನದ್ದಲ್ಲ, ಅದು ಮೇಲಿನ ಮಣ್ಣನ್ನ ಪುಡಿ ಮಾಡೋ ಯಂತ್ರ ಅನ್ನೋದು ನೆನಪಿರಲಿ.

ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರದಲ್ಲೂ ವಿಚಾರಿಸಿ. ಅಲ್ಲಿ ದರ ಕೇಳೋವಾಗ ಮೂರು ಪ್ರಶ್ನೆ ಕೇಳಿ: ಡೀಸೆಲ್ ಸೇರಿದೆಯಾ, ಡ್ರೈವರ್ ಸೇರಿದ್ದಾರಾ, ಕೇಂದ್ರದಿಂದ ಹೊಲಕ್ಕೆ ಬರೋ ಓಡಾಟಕ್ಕೆ ಬೇರೆ ದುಡ್ಡಾ? ಉತ್ತರವನ್ನ ಮೇಲಿನ ಲೆಕ್ಕಕ್ಕೆ ಹಾಕಿದರೆ ಊರಿನ ಟ್ರ್ಯಾಕ್ಟರ್ ಅಗ್ಗವೋ ಅದು ಅಗ್ಗವೋ ಅಂತ ತಕ್ಷಣ ಗೊತ್ತಾಗುತ್ತದೆ. ಮಳೆ ಬಿದ್ದ ಮಾರನೇ ದಿನ ಹೋದರೆ ಸರದಿ ಸಿಗೋದು ಕಷ್ಟ, ಮುಂಚೆಯೇ ಹೇಳಿಟ್ಟಿರಿ.

ಈ ಸಾರಿ ಉಳುಮೆಗೆ ಫೋನಿನಲ್ಲಿ ಇಷ್ಟು ಬರೆದಿಡಿ

ತಾರೀಕು, ಯಾವ ಹೊಲ, ಎಷ್ಟು ಎಕರೆ. ಯಾವ ಯಂತ್ರ, ಎಷ್ಟು ಸಾರಿ. ಶುರು ಮತ್ತು ಕೊನೆಯ ಮೀಟರ್ ಫೋಟೋ. ಡೀಸೆಲ್ ಎಷ್ಟು ಲೀಟರ್, ಅವತ್ತಿನ ದರ. ಡ್ರೈವರಿಗೆ ಕೊಟ್ಟಿದ್ದು, ತಿಂಡಿ ಟೀ ಸೇರಿಸಿ. ಕೊನೆಗೆ ಒಂದೇ ಸಾಲು: ಎಕರೆಗೆ ಎಷ್ಟು ನಿಮಿಷ, ಎಷ್ಟು ಲೀಟರ್, ಎಷ್ಟು ರೂಪಾಯಿ.

ಹೊಗೆಸೊಪ್ಪು ಮುಗಿದು ರಾಗಿಗೋ ಹುರುಳಿಗೋ ಮತ್ತೆ ಟ್ರ್ಯಾಕ್ಟರ್ ಕರೆಸೋವಾಗ ಆ ಸಾಲು ತೆಗೆದು ನೋಡಿ. ಅದೇ ಹೊಲಕ್ಕೆ ನಿಮಿಷ ಜಾಸ್ತಿ ಆಗಿದ್ದರೆ ಅರ್ಧ ಕೆಲಸ ಆಗಿರೋವಾಗಲೇ ಗೊತ್ತಾಗುತ್ತದೆ. ಆಗ ಹದ ತಪ್ಪಿದೆಯೋ, ದಿಕ್ಕು ತಪ್ಪಿದೆಯೋ, ಡ್ರೈವರ್ ನಿಧಾನ ಮಾಡ್ತಿದ್ದಾರೋ ಅಂತ ಅಲ್ಲೇ ನಿಂತು ನೋಡಿ ಸರಿಮಾಡಿಸಬಹುದು.